ಮೂರು ರಾಶಿ, ಒಂದು ಇಲಿ

ನನಗೆ ಮೂರು ರಾಶಿಗಳಿವೆ. ತಮಾಷೆಗೆ ಹೇಳುತ್ತಿಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ನಾನು ಹುಟ್ಟಿದ್ದು ಹಳಿಯಾಳದಲ್ಲಿ, 1996ರ ನವೆಂಬರ್ 25ರ ಸಂಜೆ. ಕಾರ್ತಿಕ ಹುಣ್ಣಿಮೆ ಅವತ್ತೇ ಬೆಳಿಗ್ಗೆ ಮುಗಿದಿತ್ತು, ಚಂದ್ರ ರೋಹಿಣಿ ನಕ್ಷತ್ರಕ್ಕೆ ಬಂದಿದ್ದ. ಹಾಗಾಗಿ ಮನೆಯಲ್ಲಿ ಬರೆಸಿಟ್ಟ ಜಾತಕದ ಪ್ರಕಾರ ನನ್ನದು ವೃಷಭ ರಾಶಿ.

ಇಂಗ್ಲಿಷ್ ಪತ್ರಿಕೆಗಳ ವಾರಭವಿಷ್ಯ ಚಂದ್ರನನ್ನು ಕೇಳುವುದಿಲ್ಲ, ಸೂರ್ಯನನ್ನು ಕೇಳುತ್ತದೆ. ಅದರ ಪ್ರಕಾರ ನವೆಂಬರ್ ಕೊನೆಯ ವಾರದಲ್ಲಿ ಹುಟ್ಟಿದವರೆಲ್ಲ ಧನು. ಆದರೆ ನಮ್ಮ ಪಂಚಾಂಗದ ಸೂರ್ಯ ಧನುವಿಗೆ ಕಾಲಿಡುವುದು ಡಿಸೆಂಬರ್ ನಡುವಿನಲ್ಲಿ. ಧನುರ್ಮಾಸ ಶುರುವಾಗುವುದೂ ಆಗಲೇ ಅಲ್ಲವೇ? ಪಶ್ಚಿಮದವರು ರಾಶಿಚಕ್ರವನ್ನು ವಿಷುವದಿಂದ ಎಣಿಸುತ್ತಾರೆ, ನಾವು ನಕ್ಷತ್ರಗಳನ್ನು ಹಿಡಿದು ಎಣಿಸುತ್ತೇವೆ. ಎರಡರ ನಡುವೆ ಈಗ ಸುಮಾರು 24 ಡಿಗ್ರಿಯ ಅಂತರವಿದೆ. ಆ ಲೆಕ್ಕದಲ್ಲಿ ನನ್ನ ಸೂರ್ಯ ಇದ್ದದ್ದು ವೃಶ್ಚಿಕದಲ್ಲಿ.

ವೃಷಭದವರು ತಾಳ್ಮೆಯವರು, ಹಟಮಾರಿಗಳು, ಊಟದ ರುಚಿ ಬಲ್ಲವರು ಎನ್ನುತ್ತಾರೆ. ಅಜ್ಜಿ ಈ ಸಾಲು ಓದಿಸಿಕೊಂಡು, "ಖರೇನ ಐತಿ ನೋಡವ್ವಾ, ನಿನ್ನ ನೋಡೇ ಬರದಂಗೈತಿ" ಅನ್ನುತ್ತಿದ್ದಳು. ಧನುವಿನವರು ತಿರುಗಾಟದವರು, ಅನ್ನಿಸಿದ್ದನ್ನು ಮುಖಕ್ಕೇ ಹೇಳುವವರು. ಕಾಲೇಜಿನ ದಿನಗಳಲ್ಲಿ ಇದನ್ನು ಓದಿದಾಗ ನನಗೂ ಹೌದೆನಿಸಿತ್ತು. ವೃಶ್ಚಿಕದವರು ಮನಸ್ಸಿನ ಮಾತು ಹೊರಗೆ ಬಿಡುವುದಿಲ್ಲ, ನೋವನ್ನು ಬಹಳ ದಿನ ನೆನಪಿಟ್ಟುಕೊಳ್ಳುತ್ತಾರೆ. ಇದೂ ನಾನೇ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಬೆಳೆದ ಗೆಳತಿ ನನ್ನ ಹುಟ್ಟಿದ ವರ್ಷ ಕೇಳಿ, "ನೀನು ಬೆಂಕಿ ಇಲಿ" ಅಂದಳು. ಟಿಬೆಟನ್ನರ ಎಣಿಕೆಯಲ್ಲಿ ಹನ್ನೆರಡು ಪ್ರಾಣಿಗಳೂ ಐದು ಧಾತುಗಳೂ ಸೇರಿ ಅರವತ್ತು ವರ್ಷದ ಒಂದು ಚಕ್ರವಾಗುತ್ತದೆ. ಇಲಿಯವರು ಚುರುಕು, ಕೂಡಿಡುವ ಸ್ವಭಾವದವರು ಎಂದು ಅವಳು ವಿವರಿಸಿದಾಗ, ಹಳೆಯ ಬಸ್ ಟಿಕೇಟುಗಳನ್ನೂ ಎಸೆಯದ ನನಗೆ ಅದೂ ಒಪ್ಪಿಗೆಯಾಯಿತು.

ಮುಖಕ್ಕೇ ಹೇಳುವವಳೂ ನಾನು, ಹೊರಗೆ ಬಿಡದವಳೂ ನಾನು. ಒಂದಕ್ಕೊಂದು ಎದುರಾದ ಈ ವರ್ಣನೆಗಳು ಒಬ್ಬಳಿಗೇ ಹೇಗೆ ಹೊಂದುತ್ತವೆ? ಇದನ್ನು ಮನಶ್ಶಾಸ್ತ್ರದಲ್ಲಿ ಬಾರ್ನಮ್ ಪರಿಣಾಮ ಎನ್ನುತ್ತಾರೆ. ಬಾರ್ನಮ್ ಹತ್ತೊಂಬತ್ತನೇ ಶತಮಾನದ ಅಮೆರಿಕದ ಸರ್ಕಸ್ ಮಾಲೀಕ. 1956ರಲ್ಲಿ ಪಾಲ್ ಮೀಲ್ ಎಂಬ ಮನಶ್ಶಾಸ್ತ್ರಜ್ಞ ಈ ಹೆಸರನ್ನು ಬಳಕೆಗೆ ತಂದ. ಅವನು ಬೈಯುತ್ತಿದ್ದದ್ದು ಜ್ಯೋತಿಷಿಗಳನ್ನಲ್ಲ, ತನ್ನದೇ ವೃತ್ತಿಯವರನ್ನು. ಯಾವ ರೋಗಿಗಾದರೂ ಹೊಂದುವ ಮಾತುಗಳನ್ನು ಬರೆದು ಅದನ್ನೇ ವೈಯಕ್ತಿಕ ವರದಿ ಎಂದು ಕೊಡುತ್ತಿದ್ದ ಮನಶ್ಶಾಸ್ತ್ರಜ್ಞರ ಮೇಲೆ ಅವನಿಗೆ ಸಿಟ್ಟಿತ್ತು.

ಹೆಸರಿಗಿಂತ ಮೊದಲೇ ಪ್ರಯೋಗ ನಡೆದಿತ್ತು. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಧ್ಯಾಪಕ ತನ್ನ ತರಗತಿಯ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವದ ಒಂದು ಪರೀಕ್ಷೆ ಕೊಟ್ಟ. ಒಂದು ವಾರದ ನಂತರ ಪ್ರತಿಯೊಬ್ಬರಿಗೂ ಅವರವರ ಹೆಸರು ಬರೆದ ಹಾಳೆ ಸಿಕ್ಕಿತು. ಅದು ತಮಗೆ ಎಷ್ಟು ಹೊಂದುತ್ತದೆ ಎಂದು ಸೊನ್ನೆಯಿಂದ ಐದರೊಳಗೆ ಅಂಕ ಕೊಡಬೇಕಿತ್ತು. ಸರಾಸರಿ ಅಂಕ 4.26 ಬಂತು. ಆಮೇಲೆ ಅವನು ಒಂದು ಹಾಳೆಯ ಸಾಲನ್ನು ಗಟ್ಟಿಯಾಗಿ ಓದಿ, ಇದು ಯಾರ ಹಾಳೆಯಲ್ಲಿದೆ, ಕೈ ಎತ್ತಿ ಎಂದ. ಎಲ್ಲರ ಕೈಗಳೂ ಮೇಲೆದ್ದವು, ತರಗತಿ ನಗೆಯಲ್ಲಿ ಮುಳುಗಿತು. ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ. ಅದರ 13 ವಾಕ್ಯಗಳಲ್ಲಿ ಹೆಚ್ಚಿನವನ್ನು ಅವನು ಅಂಗಡಿಯಲ್ಲಿ ಸಿಗುವ ಒಂದು ಜ್ಯೋತಿಷ್ಯದ ಪುಸ್ತಕದಿಂದ ಆಯ್ದಿದ್ದ.

ಈ ಕಥೆ ಕೇಳಿದವರು ಸಾಮಾನ್ಯವಾಗಿ "ಎಂಥ ದಡ್ಡ ವಿದ್ಯಾರ್ಥಿಗಳು" ಎಂದು ನಗುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಹಾಳೆಯಲ್ಲಿದ್ದದ್ದು ಅವರ ಮಟ್ಟಿಗೆ ನಿಜವೇ ಆಗಿತ್ತು. ಹೊಂದುತ್ತದೆಯೇ ಎಂದು ಕೇಳಿದರು, ಅವರು ಪ್ರಾಮಾಣಿಕವಾಗಿ ಹೌದೆಂದರು. ತಪ್ಪಿದ್ದು ಅದರ ಮುಂದಿನ ಹೆಜ್ಜೆಯಲ್ಲಿ: ನನಗೆ ಹೊಂದುತ್ತದೆ, ಆದ್ದರಿಂದ ಇದು ನನ್ನನ್ನು ಬಲ್ಲದು ಎಂದುಕೊಳ್ಳುವಲ್ಲಿ.

ಇಂಥ ವಾಕ್ಯಗಳ ಒಳಗೆ ಏನಿರುತ್ತದೆ ಎಂದು ನೋಡಲು ನಾನೇ ನಾಲ್ಕು ಸಾಲು ಕಟ್ಟುತ್ತೇನೆ. "ನೀವು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಬೇಗ ನೊಂದುಕೊಳ್ಳುತ್ತೀರಿ. ಎಲ್ಲರ ಜೊತೆ ಬೆರೆಯುತ್ತೀರಿ, ಆದರೂ ಕೆಲವೊಮ್ಮೆ ಒಬ್ಬರೇ ಇರಬೇಕೆನಿಸುತ್ತದೆ. ನೀವು ಮಾಡಿದ ಉಪಕಾರವನ್ನು ಹತ್ತಿರದವರೇ ಮರೆತದ್ದುಂಟು. ನಿಮ್ಮ ಸಾಮರ್ಥ್ಯಕ್ಕೆ ತಕ್ಕ ಅವಕಾಶ ನಿಮಗಿನ್ನೂ ಸಿಕ್ಕಿಲ್ಲ."

ಎರಡನೆಯ ಸಾಲು ಎಲ್ಲಕ್ಕಿಂತ ಸುಲಭದ್ದು. ಬೆರೆಯುವವರನ್ನೂ ಬೆರೆಯದವರನ್ನೂ ಅದು ಒಂದೇ ಬುಟ್ಟಿಗೆ ಹಾಕಿ, ಮೇಲೆ "ಕೆಲವೊಮ್ಮೆ" ಎಂಬ ಮುಚ್ಚಳ ಇಟ್ಟಿದೆ. ಮೂರನೆಯ ಸಾಲಿನಲ್ಲಿ ಕೆಲಸ ಮಾಡುವವರು ಬರೆದವರಲ್ಲ, ಓದುವವರು. ಸಾಲ ಕೊಟ್ಟದ್ದು, ಆಸ್ಪತ್ರೆಗೆ ಓಡಾಡಿದ್ದು, ನೋಟ್ಸ್ ಬರೆದುಕೊಟ್ಟದ್ದು ಹೀಗೆ ಏನೋ ಒಂದು ನಮ್ಮ ನೆನಪಿನಿಂದ ತಾನಾಗಿ ಎದ್ದು ಬರುತ್ತದೆ. ವಾಕ್ಯ ಖಾಲಿ ಪಾತ್ರೆ, ತುಂಬಿದ ನೀರು ನಮ್ಮದು. ನೀರು ನಮ್ಮದೇ ಆದ್ದರಿಂದ ರುಚಿಯೂ ಪರಿಚಿತ. ನಾಲ್ಕನೆಯದು ಹೊಗಳಿಕೆ. ಅದು ಸುಳ್ಳೆಂದು ಯಾರೂ ತೋರಿಸಲಾರರು, ಸುಳ್ಳಾಗಲಿ ಎಂದು ನಾವೂ ಬಯಸುವುದಿಲ್ಲ.

ಮೊದಲ ಸಾಲಿನ ಗುಟ್ಟು ಇನ್ನೂ ಆಳದ್ದು. ನಮ್ಮ ನೋವು ನಮಗೆ ಒಳಗಿನಿಂದ ಗೊತ್ತು. ಪಕ್ಕದವರದು ಹೊರಗಿನಿಂದ ಕಂಡಷ್ಟೇ ಗೊತ್ತು. ಹೀಗಾಗಿ ಹೊರಗೊಂದು ಒಳಗೊಂದು ಇರುವುದು ತನ್ನೊಬ್ಬನ ವಿಶೇಷ ಎಂದು ಪ್ರತಿಯೊಬ್ಬನಿಗೂ ಅನ್ನಿಸುತ್ತದೆ. ಎಲ್ಲರಿಗೂ ಸಮನಾಗಿ ಅನ್ವಯಿಸುವ ಮಾತು ಗುಟ್ಟಿನ ಮಾತಿನಂತೆ ಕೇಳಿಸುವುದು ಇದೇ ಕಾರಣಕ್ಕೆ. ಇದಕ್ಕೆ "ನಿಮಗಾಗಿಯೇ ಬರೆದದ್ದು" ಎಂಬ ಭಾವ ಸೇರಿದರಂತೂ ಮುಗಿಯಿತು. ಒಂದೇ ವರ್ಣನೆಯನ್ನು ಎಲ್ಲರಿಗೂ ಹೊಂದುವಂಥದು ಎಂದು ಕೊಟ್ಟಾಗ ಜನ ಕಡಿಮೆ ಒಪ್ಪುತ್ತಾರೆ, ಹುಟ್ಟಿದ ದಿನಾಂಕವನ್ನು ಕೇಳಿ ಬರೆದದ್ದು ಎಂದಾಗ ಹೆಚ್ಚು ಒಪ್ಪುತ್ತಾರೆ ಎಂದು 1970ರ ದಶಕದಲ್ಲಿ ಸಿ. ಆರ್. ಸ್ನೈಡರ್ ತೋರಿಸಿದ. ಜಾತಕಕ್ಕೆ ಗಳಿಗೆಯನ್ನೂ ಕೇಳುತ್ತಾರೆ ಎಂಬುದನ್ನು ಇಲ್ಲಿ ನೆನೆಯಬಹುದು.

ಎಲ್ಲ ಭವಿಷ್ಯವೂ ಬಾರ್ನಮ್ ಲೆಕ್ಕಕ್ಕೆ ಸೇರುವುದಿಲ್ಲ. ದಾಂಡೇಲಿಯ ರಸ್ತೆ ಬದಿಯಲ್ಲಿ ಗಿಳಿಶಾಸ್ತ್ರದವರು ಕೂತಿರುವುದನ್ನು ಚಿಕ್ಕವಳಿದ್ದಾಗ ನೋಡಿದ್ದೇನೆ. ಗಿಳಿ ಪಂಜರದಿಂದ ಬಂದು ಚೀಟಿ ಎಳೆಯುತ್ತದೆ. ಚೀಟಿಯಲ್ಲಿದ್ದದ್ದು ಬಾರ್ನಮ್. ಆದರೆ ಚೀಟಿ ಓದುವವನು ಎದುರಿನವರ ಮುಖ ನೋಡುತ್ತಾನೆ. "ಮನೆಯಲ್ಲಿ ಒಂದು ಚಿಂತಿ ಐತಿ" ಎಂದು ನಿಲ್ಲಿಸುತ್ತಾನೆ. ಕೂತವಳ ಕಣ್ಣು ಪಕ್ಕದ ಮಗನ ಕಡೆ ಹೊರಳಿದರೆ ಮಾತು ಮದುವೆ, ನೌಕರಿಯತ್ತ ತಿರುಗುತ್ತದೆ. ಅಲ್ಲಿ ಮಾಹಿತಿ ನಿಜವಾಗಿ ಹೋಗಿ ಬರುತ್ತಿದೆ, ಗಿಳಿಯಿಂದಲ್ಲ, ಗಿರಾಕಿಯಿಂದ. ಅಚ್ಚಾದ ವಾರಭವಿಷ್ಯಕ್ಕೆ ಈ ಕಣ್ಣಿಲ್ಲ. ಆದ್ದರಿಂದ ಅದು ಇನ್ನಷ್ಟು ಮಸುಕಾಗಿಯೇ ಇರಬೇಕಾಗುತ್ತದೆ.

ಜಾಲತಾಣಗಳ ವ್ಯಕ್ತಿತ್ವದ ಕ್ವಿಜ್‌ಗಳದ್ದು ಮೂರನೆಯ ಬಗೆ. ಜೋಯಿಡಾದಲ್ಲಿ ಅತ್ತೆಯ ಮಕ್ಕಳು ಒಂದು ಮಳೆಗಾಲದ ರಜೆಯಲ್ಲಿ ನಾಲ್ಕಕ್ಷರದ ಆ ಕ್ವಿಜ್ ಹಿಡಿದು ಕೂತಿದ್ದರು. ಐಎನ್‌ಎಫ್‌ಜೆ, ಇಎಸ್‌ಟಿಪಿ ಎಂದು ಹದಿನಾರು ಬಗೆಯ ಮನುಷ್ಯರನ್ನು ಹೇಳುತ್ತದಲ್ಲ, ಅದು. "ಅಕ್ಕಾ, ಇದಕ್ಕ ನಾ ಹೆಂಗ ಗೊತ್ತು?" ಎಂದು ಸಣ್ಣವಳು ಕೇಳಿದಳು. ಗೊತ್ತಿರುವುದಕ್ಕೆ ಕಾರಣ ಸರಳ. ಜನ ಸೇರಿದಲ್ಲಿ ನಿನಗೆ ಸುಸ್ತಾಗುತ್ತದೆಯೇ ಎಂದು ಅದು ಕೇಳಿತ್ತು, ಇವಳು ಹೌದು ಎಂದು ಒತ್ತಿದ್ದಳು. ಕೊನೆಗೆ ನಿಮಗೆ ಏಕಾಂತ ಇಷ್ಟ ಎಂದು ಅದು ಹೇಳಿತು. ಇದು ಬಾರ್ನಮ್ ಅಲ್ಲ, ಬಾವಿಯಲ್ಲಿ ಕೂಗಿದ ಮಾತು ತಿರುಗಿ ಬಂದಂತೆ. ಬಾರ್ನಮ್ ಇರುವುದು ಅದರ ಸುತ್ತ ಕಟ್ಟಿದ ಸಾಲುಗಳಲ್ಲಿ: ಅಪರೂಪದವರು, ಆಳವಾಗಿ ಯೋಚಿಸುವವರು, ಸುಲಭವಾಗಿ ಅರ್ಥವಾಗದವರು. ತನ್ನದೇ ಉತ್ತರದ ಪ್ರತಿಧ್ವನಿ ನಂಬಿಕೆ ಗಳಿಸುತ್ತದೆ, ಆ ನಂಬಿಕೆಯ ಬೆನ್ನೇರಿ ಹೊಗಳಿಕೆ ಒಳಬರುತ್ತದೆ. ಇವೆರಡನ್ನೂ ಬೇರ್ಪಡಿಸಲು ಒಂದು ದಾರಿ ಇದೆ. ಪ್ರತಿ ಸಾಲಿನ ಎದುರು, ಇದನ್ನು ನಾನೇ ಎಲ್ಲಿ ಹೇಳಿದ್ದೆ ಎಂದು ಗುರುತು ಹಾಕಿ. ಗುರುತು ಸಿಗದೆ ಉಳಿದ ಸಾಲುಗಳನ್ನು ಇನ್ನೊಂದು ಬಗೆಯವರಿಗೆ ಓದಿ ಹೇಳಿ. ಅವರೂ ತಲೆಯಾಡಿಸಿದರೆ ಆ ಸಾಲು ನಿಮ್ಮದಲ್ಲ.

ಇಷ್ಟಕ್ಕೇ ಬಿಡದೆ ಸರಿಯಾಗಿ ಪರೀಕ್ಷಿಸುವುದು ಹೇಗೆ? 1985ರಲ್ಲಿ ಶಾನ್ ಕಾರ್ಲ್‌ಸನ್ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜ್ಯೋತಿಷಿಗಳು ಜಾತಕ ನೋಡಿ ಬರೆದ ಮೂರು ವರ್ಣನೆಗಳನ್ನು ಒಬ್ಬೊಬ್ಬರಿಗೆ ಕೊಟ್ಟರು. ಒಂದು ಅವರದ್ದು, ಎರಡು ಬೇರೆಯವರದ್ದು. ತನ್ನದನ್ನು ಆರಿಸಿಕೊಂಡವರು ಸುಮಾರು ಮೂರನೇ ಒಂದು ಪಾಲು. ಅಂದರೆ ಕಣ್ಣು ಮುಚ್ಚಿ ಎತ್ತಿದರೆ ಸಿಗುವಷ್ಟೇ. ನನ್ನ ಗಮನ ಹೆಚ್ಚು ಸೆಳೆದದ್ದು ಅದೇ ಪ್ರಯೋಗದ ಇನ್ನೊಂದು ಸಂಗತಿ. ಅಂಗೀಕೃತ ಮನಶ್ಶಾಸ್ತ್ರೀಯ ಪರೀಕ್ಷೆಯೊಂದರಿಂದ ಬಂದ ತಮ್ಮ ಫಲಿತಾಂಶವನ್ನೂ ಜನ ಮೂರರ ನಡುವೆ ಗುರುತಿಸಲಾಗಲಿಲ್ಲ. "ಇದು ನಾನೇ" ಎಂಬ ಅನಿಸಿಕೆ ಒಳ್ಳೆಯ ಪರೀಕ್ಷೆಗೂ ಅಳತೆಗೋಲಲ್ಲ, ಕೆಟ್ಟದ್ದಕ್ಕೂ ಅಲ್ಲ.

ಹಾಸ್ಟೆಲಿನಲ್ಲೋ ಮನೆಯಲ್ಲೋ ಇದನ್ನು ಮಾಡಿ ನೋಡಬಹುದು. ಹನ್ನೆರಡು ರಾಶಿಗಳ ಸ್ವಭಾವವರ್ಣನೆ ಕತ್ತರಿಸಿ, ಹೆಸರೂ ಪ್ರಾಣಿಯ ಸುಳಿವೂ ಅಳಿಸಿ, ನಿಮ್ಮದನ್ನು ಆರಿಸಿ. ಸುಮ್ಮನೆ ಎತ್ತಿದರೂ ಹನ್ನೆರಡು ಜನರಲ್ಲಿ ಒಬ್ಬರಿಗೆ ಸರಿಯಾದದ್ದೇ ಸಿಗಬಹುದು, ಆದ್ದರಿಂದ ಒಬ್ಬರು ಗೆದ್ದರೆ ಅದು ಸುದ್ದಿಯಲ್ಲ. ಒಂದು ತೊಡಕೂ ಇದೆ. ಸಿಂಹ ರಾಶಿಯವರು ಧೈರ್ಯವಂತರು ಎಂದು ಕೇಳುತ್ತಲೇ ಬೆಳೆದವರು ತಮ್ಮನ್ನು ಹಾಗೆಯೇ ವರ್ಣಿಸಿಕೊಳ್ಳುತ್ತಾರೆ, ಹಾಗೆಯೇ ಆರಿಸುತ್ತಾರೆ. ರಾಶಿಗಳ ಗುಣ ಓದದವರೇ ಈ ಆಟಕ್ಕೆ ಒಳ್ಳೆಯವರು.

ಆಟಕ್ಕೆ ಪುರುಸೊತ್ತಿಲ್ಲದಿದ್ದರೆ ಪ್ರಶ್ನೆಯನ್ನಾದರೂ ಬದಲಿಸಿಕೊಳ್ಳಬಹುದು. ಇದು ನನಗೆ ಹೊಂದುತ್ತದೆಯೇ ಎಂದು ಕೇಳುವ ಬದಲು, ಇದು ಯಾರಿಗೆ ಹೊಂದುವುದಿಲ್ಲ ಎಂದು ಕೇಳುವುದು. "ನೀವು ಸೂಕ್ಷ್ಮ ಮನಸ್ಸಿನವರು" ಎಂಬ ಮಾತಿಗೆ ಹೊಂದದ ಒಬ್ಬ ಪರಿಚಿತನನ್ನು ಹುಡುಕಿ ನೋಡಿ. ಅವನನ್ನೇ ಕೇಳಿದರೆ ತಾನೂ ಸೂಕ್ಷ್ಮವೇ ಎನ್ನುತ್ತಾನೆ. "ನೀವು ಹಳೆಯ ಬಸ್ ಟಿಕೇಟುಗಳನ್ನು ಪುಸ್ತಕದ ನಡುವೆ ಇಡುತ್ತೀರಿ" ಎಂದರೆ ಹೆಚ್ಚಿನವರು ಇಲ್ಲ ಎಂದುಬಿಡುತ್ತಾರೆ. ಆ ಮಾತನ್ನು ಹೇಳುವವನು ಸೋಲಲು ತಯಾರಿದ್ದಾನೆ. ಬೆಂಕಿ ಇಲಿಗೆ ಟಿಕೇಟು ಜೋಡಿಸಿದವಳು ನಾನೇ ಹೊರತು ಟಿಬೆಟನ್ ಪಂಚಾಂಗವಲ್ಲ.