ಓದಿ ಹೇಳುವ ಪತ್ರ

ನೆಲೋಗಿಯಲ್ಲಿ ಮೇ ತಿಂಗಳ ಮೊದಲ ವಾರ ಅಂದರೆ ಎರೆಹೊಲ ಬಾಯಿ ಬಿಟ್ಟಿರುತ್ತದೆ, ಮನೆಗಳ ಹಿಂದೆ ತೊಗರಿ ಕಟ್ಟಿಗೆಯ ಒಟ್ಟಿಲು ಇರುತ್ತದೆ, ಮಧ್ಯಾಹ್ನ ಹೊರಗೆ ಕಾಲಿಡಲು ಆಗುವುದಿಲ್ಲ. ಅಂಥ ಬಿಸಿಲಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬರುತ್ತದೆ. ಹುಡುಗರು ಬೇವಿನ ಮರದ ಕೆಳಗೆ ಒಂದು ಮೊಬೈಲಿಗೆ ಹತ್ತು ತಲೆ ಸೇರಿಸಿ karresults.nic.in ತೆರೆಯುವುದಕ್ಕೆ ಒದ್ದಾಡುತ್ತಾರೆ. ಹೊರಗಿನವರಿಗೆ ನೆಲೋಗಿ ಅಂದರೆ ಧರ್ಮಸಿಂಗ್ ಹುಟ್ಟಿದ ಊರು, 2004ರಿಂದ 2006ರ ತನಕ ರಾಜ್ಯದ ಮುಖ್ಯಮಂತ್ರಿಯಾಗಿದ್ದವರ ಊರು. ನನಗೆ ಮಾತ್ರ ಈ ಊರು ನೆನಪಾಗುವುದು ಒಂದು ಕಾಗದದಿಂದ.

ಆ ದಿನ ಸಂಜೆ ಒಂದು ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಮನೆಯ ಯಜಮಾನ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ಕೈಗಿಟ್ಟ.

“ಸರ, ಇದರಾಗ ಏನ್ ಬರದದ ನೋಡ್ರಿ. ಮಗಳ ಶಾಲಿಯಿಂದ ಬಂದದ.”

ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು, ಒಳಗೆ ಎಂಟು ಸಾಲು ಇಂಗ್ಲಿಷ್. ಹೆಮ್ಮೆಯ ತಂದೆತಾಯಿಯರಿಗೆ ಅಭಿನಂದನೆ, ನಮ್ಮ ಸಂಸ್ಥೆಯ ಕೀರ್ತಿ ಬೆಳಗಿದೆ, ಉಜ್ವಲ ಭವಿಷ್ಯ ಹಾರೈಸುತ್ತೇವೆ ಎಂದು ಅದರ ಅರ್ಥ. ಹುಡುಗಿಯ ಹೆಸರಿನ ಜಾಗದಲ್ಲಿ ಗೆರೆ ಎಳೆದು ಪೆನ್ನಿನಲ್ಲಿ ತುಂಬಿದ್ದರು. ನಾನು ಓದಿ ಕನ್ನಡದಲ್ಲಿ ಹೇಳಿದೆ. ಬಾಗಿಲಲ್ಲಿ ನಿಂತು ಕೇಳಿದ ತಾಯಿ, “ಇಷ್ಟs ಏನ್ರಿ? ಎಷ್ಟ್ ನಂಬರ ಬಂದಾವ ಅಂತ ಬರದಿಲ್ಲೇನ್ರಿ?” ಅಂದಳು. ಬರೆದಿರಲಿಲ್ಲ.

ನಾನೂ ಅನೇಕ ವರ್ಷ ಶಾಲೆಯೊಂದರ ಮುಖ್ಯಗುರುವಾಗಿ ಇಂಥ ಪತ್ರಗಳನ್ನು ಬರೆದವನು. ಪ್ರೌಢಶಾಲೆಯಾದರೆ ಮುಖ್ಯಗುರು, ವಸತಿ ಶಾಲೆಯಾದರೆ ಪ್ರಾಂಶುಪಾಲರು, ಊರಿನ ಬಾಯಲ್ಲಿ ಎಲ್ಲರೂ ಹೆಡ್ ಮಾಸ್ತರರೇ. ಆ ತಾಯಿಯ ಪ್ರಶ್ನೆ ಕೇಳಿದ ಮೇಲೆ ಈ ಪತ್ರದ ಬಗ್ಗೆ ನನಗೆ ಒಂದು ಖಚಿತ ಅಭಿಪ್ರಾಯ ಬಂದಿದೆ. ಇದು ಕಣ್ಣಿಗಿಂತ ಕಿವಿಗೆ ಬರೆಯಬೇಕಾದ ಪತ್ರ. ನಮ್ಮ ಜೇವರ್ಗಿ ಸೀಮೆಯಲ್ಲಿ ಇದನ್ನು ತಂದೆತಾಯಿ ತಾವೇ ಓದಿಕೊಳ್ಳುವುದಕ್ಕಿಂತ ಯಾರೋ ಓದಿ ಹೇಳುವುದೇ ಹೆಚ್ಚು. ಓದುವವರು ಒಮ್ಮೊಮ್ಮೆ ಆ ಹುಡುಗಿಯೇ. ತನ್ನ ಹೊಗಳಿಕೆಯನ್ನು ತಾನೇ ಗಟ್ಟಿಯಾಗಿ ಓದುವ ಹುಡುಗಿಗೆ ಉಸಿರು ಕಟ್ಟದ ಹಾಗೆ ಸಾಲು ಚಿಕ್ಕದಿರಬೇಕು, ಕನ್ನಡದಲ್ಲಿರಬೇಕು, ಮೊದಲ ಸಾಲಿನಲ್ಲೇ ಅಂಕ ಇರಬೇಕು.

ಅಂಕದ ಮಾತು ಸಲೀಸಾಗಿ ಕಾಣುತ್ತದೆ. ತಪ್ಪುವುದು ಅಲ್ಲಿಯೇ. ಒಂದು ಲೆಕ್ಕ ನೋಡೋಣ. ನೆಲೋಗಿಯ ಆ ಹುಡುಗಿಗೆ ಕನ್ನಡ 123, ಇಂಗ್ಲಿಷ್ 92, ಹಿಂದಿ 97, ಗಣಿತ 95, ವಿಜ್ಞಾನ 93, ಸಮಾಜ 98 ಬಂದಿದ್ದವು. ಒಟ್ಟು 598. ಆರು ವಿಷಯ ಎಂದು ಯಾರೋ ಆರರಿಂದ ಭಾಗಿಸಿ ಶೇಕಡಾ 99.67 ಎಂದು ಬ್ಯಾನರ್ ಬರೆಸಿಬಿಡುತ್ತಾರೆ. ಪ್ರಥಮ ಭಾಷೆಯ ಪತ್ರಿಕೆ 125 ಅಂಕದ್ದು, ಉಳಿದ ಐದು ನೂರು ನೂರರವು, ಆದ್ದರಿಂದ ಗರಿಷ್ಠ 625. ನಿಜವಾದ ಶೇಕಡಾ 95.68. ಬ್ಯಾನರ್ ನೋಡಿದ ಸೋದರಮಾವ ಅಂಕಪಟ್ಟಿ ಕೈಗೆ ಬಂದಾಗ, “ಕಡಿಮಿ ಆಗ್ಯಾವಲ್ಲ” ಅಂತ ಹುಡುಗಿಯನ್ನೇ ಕೇಳುತ್ತಾನೆ. ತಾನು ಮಾಡದ ತಪ್ಪಿಗೆ ಆಕೆ ತಲೆ ತಗ್ಗಿಸುತ್ತಾಳೆ. ಶೇಕಡಾ ಬರೆಯದಿದ್ದರೂ ನಡೆದೀತು, 625ಕ್ಕೆ ಎಷ್ಟು ಎಂದು ಬರೆಯಲೇಬೇಕು.

ಎರಡನೆಯದು ‘ಪ್ರಥಮ’ ಎಂಬ ಪದ. ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಫಲಿತಾಂಶ ಬಂದ ಸಂಜೆಯೇ ಒಬ್ಬ ರೈತನ ಮನೆಗೆ, ‘ನಿಮ್ಮ ಮಗ ತಾಲ್ಲೂಕಿಗೆ ಪ್ರಥಮ’ ಎಂದು ಬರೆದು ಕೊಟ್ಟೆ. ಅಕ್ಕಪಕ್ಕದ ನಾಲ್ಕು ಶಾಲೆಗೆ ಫೋನ್ ಮಾಡಿ ವಿಚಾರಿಸಿದ್ದೆ, ಅದೇ ನನ್ನ ಆಧಾರ. ಮೂರು ವಾರದ ನಂತರ ಬೇರೊಂದು ಶಾಲೆಯ ಹುಡುಗನಿಗೆ ಮರುಮೌಲ್ಯಮಾಪನದಲ್ಲಿ ಅಂಕ ಏರಿ ಅವನು ಮೇಲೆ ಹೋದ. ಅಷ್ಟರಲ್ಲಿ ಆ ರೈತ ನನ್ನ ಪತ್ರಕ್ಕೆ ಕಟ್ಟು ಹಾಕಿಸಿ ದೇವರ ಜಗುಲಿಯ ಮೇಲೆ ತೂಗುಹಾಕಿದ್ದ. ಅದನ್ನು ತೆಗೆಯಿರಿ ಅನ್ನಲು ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಅದು ಅಲ್ಲೇ ಇದೆ, ಅದರಲ್ಲಿರುವ ಒಂದು ಪದ ಸುಳ್ಳು.

ಆಮೇಲೆ ಒಂದು ರೂಢಿ ಇಟ್ಟುಕೊಂಡೆ. ಶಾಲೆಗೆ ಪ್ರಥಮ ಎನ್ನಲು ನನ್ನ ಕೈಯಲ್ಲಿರುವ ಶಾಲೆಯ ಫಲಿತಾಂಶ ಪಟ್ಟಿ ಸಾಕು. ತಾಲ್ಲೂಕಿಗೆ ಎನ್ನಬೇಕಾದರೆ ಬಿಇಒ ಕಚೇರಿಯಿಂದ, ಜಿಲ್ಲೆಗೆ ಎನ್ನಬೇಕಾದರೆ ಡಿಡಿಪಿಐ ಕಚೇರಿಯಿಂದ ಬರಹದಲ್ಲಿ ಬರಬೇಕು. ಅದು ಬಂದರೂ ‘ಪರೀಕ್ಷೆ-1ರ ಫಲಿತಾಂಶದಂತೆ’ ಎಂಬ ಮಾತು ಸೇರಿಸುವುದು ಒಳ್ಳೆಯದು. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಂಡು ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಅರ್ಜಿ ಹಾಕುವ ಅವಕಾಶ ಎಲ್ಲರಿಗೂ ಇದೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿದ್ದು, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಕೂರಬಹುದು. ಮೊದಲ ಸ್ಥಾನ ಎಂಬುದು ಆ ದಿನದ ಮಾತು, 598 ಎಂಬುದು ಹುಡುಗಿಯ ಸ್ವಂತ ಗಳಿಕೆ. ಹಾಗಾಗಿ ಪತ್ರದ ಭಾರವನ್ನು ಅಂಕದ ಮೇಲೆ ಹಾಕಬೇಕು, ಸ್ಥಾನದ ಮೇಲೆ ಹಾಕಬಾರದು. 625ಕ್ಕೆ 625 ಬಂದರೆ ಮಾತ್ರ ಚಿಂತೆಯಿಲ್ಲ. 2024ರಲ್ಲಿ ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ರೈತರ ಮಗಳೊಬ್ಬಳು ಅಷ್ಟನ್ನೂ ತೆಗೆದು ಇಡೀ ರಾಜ್ಯಕ್ಕೆ ಮೊದಲಿಗಳಾದಳು. ಅವಳನ್ನು ಮೀರಿ ಹೋಗುವುದಕ್ಕೆ ಅಂಕವೇ ಉಳಿದಿರಲಿಲ್ಲ.

ಅಂಕವಾಯಿತು. ತಂದೆತಾಯಿಗೆ ಬರೆಯುವ ಪತ್ರದಲ್ಲಿ ತಂದೆತಾಯಿ ಎಲ್ಲಿದ್ದಾರೆ? ‘ನಿಮ್ಮ ಸಹಕಾರಕ್ಕೆ ಧನ್ಯವಾದ’ ಎಂಬ ಸಾಲಿನಲ್ಲಿ ಯಾರೂ ಇಲ್ಲ. ಆ ನೆಲೋಗಿಯ ತಾಯಿಯನ್ನು ಕೇಳಿದಾಗ ತಿಳಿದದ್ದು ಇಷ್ಟು. ತೊಗರಿ ರಾಶಿ ಮುಗಿದ ಮೇಲೆ ಆ ಓಣಿಯ ಅನೇಕರ ಹಾಗೆ ಗಂಡ ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟ. ಪ್ರತಿ ವರ್ಷ ಮನೆ ಮಂದಿಯೆಲ್ಲ ಹೋಗುತ್ತಿದ್ದರು. ಆ ವರ್ಷ ಹೆಂಡತಿ, “ಹುಡುಗಿ ಹತ್ತನೇತ್ತ ಅದಾಳ, ನಾ ಬರಂಗಿಲ್ಲ” ಎಂದು ಊರಲ್ಲೇ ಉಳಿದಳು. ಅಂದರೆ ಒಬ್ಬರ ಕೂಲಿ ನಿಂತಿತು. ಜನವರಿಯಿಂದ ಮಾರ್ಚ್ ತನಕ ಒಬ್ಬರ ದುಡಿಮೆಯನ್ನು ಆ ಮನೆ ಮಗಳ ಹಾಜರಿಗಾಗಿ ಬಿಟ್ಟುಕೊಟ್ಟಿತು. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಮೂರು ತಿಂಗಳು ಹುಡುಗಿ ಒಂದು ದಿನವೂ ತಪ್ಪಿರಲಿಲ್ಲ. ಮುಖ್ಯಗುರು ಹಾಜರಿ ಪುಸ್ತಕ ತೆರೆದು ಹಿಂದಿನ ವರ್ಷದ ಅದೇ ತಿಂಗಳ ಪುಟದ ಪಕ್ಕ ಇಟ್ಟು ನೋಡಿದ್ದರೆ ಈ ತಾಯಿ ಅಲ್ಲೇ ಕಾಣುತ್ತಿದ್ದಳು. ಪತ್ರ ಬರೆಯುವ ಮೊದಲು ತೆರೆಯಬೇಕಾದ ಪುಸ್ತಕ ಅದು.

ಆ ಸಂಜೆ ಕಟ್ಟೆಯ ಮೇಲೆ ಕೂತು, ನಾನೇ ಆಕೆಯ ಮುಖ್ಯಗುರುವಾಗಿದ್ದರೆ ಏನು ಬರೆಯುತ್ತಿದ್ದೆ ಎಂದು ಯೋಚಿಸಿದೆ. ಹೀಗೆ ಬರೆಯುತ್ತಿದ್ದೆ:

“ಅಣ್ಣಾವರಿಗೂ ಅಕ್ಕಾವರಿಗೂ ನಮಸ್ಕಾರ. ನಿಮ್ಮ ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ 625ಕ್ಕೆ 598 ಅಂಕ ಪಡೆದಿದ್ದಾಳೆ. ನಮ್ಮ ಶಾಲೆಗೆ ಇದೇ ಹೆಚ್ಚಿನ ಅಂಕ. ಕನ್ನಡದಲ್ಲಿ 125ಕ್ಕೆ 123 ಬಂದಿವೆ. ಒಂಬತ್ತನೆಯ ತರಗತಿಯಲ್ಲಿ ಗಣಿತ ಅವಳಿಗೆ ಕಷ್ಟವಾಗಿತ್ತು, ಈಗ 95 ತೆಗೆದಿದ್ದಾಳೆ. ಈ ವರ್ಷ ಅಕ್ಕಾವರು ದುಡಿಯಲು ಹೋಗದೆ ಊರಲ್ಲಿ ಉಳಿದರು. ಅದರಿಂದ ಮಗಳು ಜನವರಿಯಿಂದ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಈ ಅಂಕದಲ್ಲಿ ನಿಮ್ಮ ಪಾಲು ಇದೆ ಎಂದು ನಾವೆಲ್ಲ ಶಿಕ್ಷಕರು ಬಲ್ಲೆವು. ಬರುವ ಸೋಮವಾರ ಶಾಲೆಗೆ ಬನ್ನಿ, ಮುಂದಿನ ಓದಿನ ಕಾಗದಪತ್ರದ ಬಗ್ಗೆ ಮಾತಾಡೋಣ.”

ಇಷ್ಟೇ. ಇದರಲ್ಲಿ ಒಂದೂ ದೊಡ್ಡ ಪದವಿಲ್ಲ. ಆದರೆ ಬೇರೆ ಯಾರ ಮನೆಗೂ ಈ ಪತ್ರ ಹೊಂದುವುದಿಲ್ಲ.

ಕಾಗದಪತ್ರದ ಸಾಲನ್ನು ಬೇಕೆಂದೇ ಹಾಕಿದ್ದೇನೆ. ನಮ್ಮ ಕಡೆ ಅಭಿನಂದನೆಯ ಜೊತೆ ಈ ಕೆಲಸ ಆಗದಿದ್ದರೆ ಅಂಕ ಅರ್ಧ ವ್ಯರ್ಥ. ಸಂವಿಧಾನದ 371(ಜೆ) ಕಲಮಿನಿಂದ ನಮ್ಮ ಭಾಗದ ಮಕ್ಕಳಿಗೆ ಈ ಪ್ರದೇಶದ ವೃತ್ತಿಶಿಕ್ಷಣದ ಸೀಟುಗಳಲ್ಲಿ ಶೇಕಡಾ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಮೀಸಲು ಇದೆ. ಅದನ್ನು ಕೇಳಲು ಸಹಾಯಕ ಆಯುಕ್ತರ ಅರ್ಹತಾ ಪ್ರಮಾಣಪತ್ರ ಬೇಕು, ಅದಕ್ಕೆ ದಾಖಲೆ ಶಾಲೆಯಲ್ಲೇ ಇರುತ್ತದೆ. ಪಿಯುಸಿ ಮುಗಿಯುವಾಗ ಓಡಾಡುವುದಕ್ಕಿಂತ ಈಗಲೇ ವ್ಯಾಸಂಗ ಪ್ರಮಾಣಪತ್ರ ಬರೆದುಕೊಟ್ಟು, ಅಂಕಪಟ್ಟಿಯ ಹೆಸರೂ ಆಧಾರ್ ಹೆಸರೂ ಒಂದೇ ಇವೆಯೇ ಎಂದು ಹೊಂದಿಸಿ ನೋಡಬೇಕು. ಅಪ್ಪನ ಹೆಸರಿನ ಒಂದು ಅಕ್ಷರ ಅತ್ತಿತ್ತ ಆಗಿ ತಹಶೀಲ್ದಾರ್ ಕಚೇರಿಗೆ ನಾಲ್ಕು ಸಲ ಅಲೆದವರನ್ನು ಕಂಡಿದ್ದೇನೆ.

ಇನ್ನೊಂದು ಮಾತು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. 2025ರ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇಕಡಾ 42.43, ರಾಜ್ಯದಲ್ಲಿ ಕೊನೆಯ ಸ್ಥಾನ. ಅಂದರೆ ಪರೀಕ್ಷೆ ಬರೆದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ದಿನ ನಪಾಸು. ಅಭಿನಂದನೆಯ ಪತ್ರ ಯಾವ ಓಣಿಯಲ್ಲಿ ಹೋಗುತ್ತದೋ ಅದೇ ಓಣಿಯ ಎರಡು ಮೂರು ಮನೆಗಳಲ್ಲಿ ಒಲೆ ಹಚ್ಚಿರುವುದಿಲ್ಲ. ಆದ್ದರಿಂದ ಅದನ್ನು ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಾರದು. ಅದೇ ಗುಂಪಿನಲ್ಲಿ ನಪಾಸಾದ ಮಗುವಿನ ಅಪ್ಪನೂ ಇರುತ್ತಾನೆ, ಅದನ್ನು ತೋರಿಸಿಯೇ ಮಗುವಿಗೆ ಹೊಡೆಯುತ್ತಾನೆ. ಪರೀಕ್ಷೆ-2ಕ್ಕೆ ಹೆಸರು ನೋಂದಾಯಿಸಲು ಸಿಗುವುದು ಕೆಲವೇ ದಿನ. ಮೊದಲು ಬಂದವಳ ಮನೆಗೆ ಹೋದ ಮುಖ್ಯಗುರು ಅದೇ ಸಂಜೆ ಆ ಮನೆಗಳ ಬಾಗಿಲಿಗೂ ಹೋಗಿ, “ಒಂದs ವಿಷಯ ಉಳದದ, ಮುಂದಿನ ಪರೀಕ್ಷಾಕ್ಕ ಕೂಡಿಸ್ರಿ, ನಾವು ಹೇಳಿಕೊಡ್ತೀವಿ” ಅನ್ನಬೇಕು. ಅಭಿನಂದನೆಗೆ ಒಂದು ಪತ್ರ ಬರೆದರೆ ಈ ಮನೆಗಳಿಗೆ ಹತ್ತು ಬರೆಯಬೇಕಾಗುತ್ತದೆ, ಆ ಹತ್ತನ್ನು ಮೊದಲು ಬರೆಯುವುದು ಲೇಸು.

ನೆಲೋಗಿಯ ಆ ತಾಯಿಗೆ ನಾನು ಒಂದು ಹಾಳೆಯ ಮೇಲೆ ಆರು ವಿಷಯದ ಅಂಕವನ್ನೂ ಒಟ್ಟು ಮೊತ್ತವನ್ನೂ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಆಕೆ ಬಂಗಾರದ ಅಂಚಿನ ಕಾಗದವನ್ನು ಗೂಡಿನಲ್ಲಿಟ್ಟು, ನನ್ನ ಹಾಳೆಯನ್ನು ಮಗಳ ಕೈಗೆ ಕೊಟ್ಟು, “ಓದಿ ಹೇಳವ್ವ” ಅಂದಳು. ಹುಡುಗಿ ಎರಡು ಸಲ ಓದಿದಳು.

ಈ ಮೇ ತಿಂಗಳಲ್ಲಿ ಇಂಥ ಪತ್ರ ಬರೆಯಲಿರುವ ಮುಖ್ಯಗುರುಗಳೇ, ಪ್ರಾಂಶುಪಾಲರೇ, ಅದನ್ನು ಜವಾನನ ಕೈಯಲ್ಲಿ ಕಳಿಸಬೇಡಿ. ಬಿಸಿಲು ಇಳಿದ ಮೇಲೆ ನೀವೇ ಹೋಗಿ, ಓದಿ ಹೇಳಿ ಬನ್ನಿ.