'ಗುಡ್ ಆಟಿಟ್ಯೂಡ್' ಅಂದ್ರೆ ಎಷ್ಟು ಮೈಕ್ರಾನ್?

ನಮ್ಮ ಕಾಕಾ ಉದ್ಯಮಬಾಗದ ಒಂದು ಮಷೀನ್ ಶಾಪ್‌ನಲ್ಲಿ ಸೆಕ್ಷನ್ ಇನ್‌ಚಾರ್ಜ್. ಕಳೆದ ಏಪ್ರಿಲ್‌ನಲ್ಲಿ ಒಂದು ಭಾನುವಾರ ಮನೆಗೆ ಬಂದವರು ಎಂಟು ಹಾಳೆ ನನ್ನ ಮುಂದೆ ಇಟ್ಟರು. ಅವರ ಕೈಕೆಳಗಿನ ಎಂಟು ಜನರ ವಾರ್ಷಿಕ ಅಪ್ರೈಸಲ್ ಡ್ರಾಫ್ಟ್. ಬುಧವಾರದೊಳಗೆ ಎಚ್‌ಆರ್‌ಗೆ ಕೊಡಬೇಕಿತ್ತು.

"ನೋಡವಾ, ನೀ ಇಂಗ್ಲಿಷ್ ಮೀಡಿಯಂ ಕಲ್ತಾಕಿ. ಇದನ್ನಷ್ಟು ಛಂದ ಮಾಡಿ ಕೊಡು," ಅಂದರು.

ಗ್ರಾಮರ್ ಸರಿ ಮಾಡೋದು ಅರ್ಧ ಗಂಟೆ ಕೆಲಸ ಅಂದುಕೊಂಡು ಕೂತೆ. ಮೂರನೇ ಹಾಳೆಗೆ ಬರುವಷ್ಟರಲ್ಲಿ ನಾನು ಯಾರ ಹಾಳೆ ಓದ್ತಿದ್ದೀನಿ ಅನ್ನೋದೇ ಮರೆತುಹೋಗಿತ್ತು. ಎಲ್ಲರಿಗೂ 'ಗುಡ್ ಆಟಿಟ್ಯೂಡ್', 'ಸಿನ್ಸಿಯರ್', 'ಹಾರ್ಡ್ ವರ್ಕಿಂಗ್'. ಕೊನೆಗೆ ಒಂದೊಂದು 'ನೀಡ್ಸ್ ಇಂಪ್ರೂವ್‌ಮೆಂಟ್'. ತಮಾಷೆಗೆ ಹೆಸರಿನ ಮೇಲೆ ಸ್ಕೇಲ್ ಇಟ್ಟು, ಹಾಳೆಗಳನ್ನು ಕಲಸಿ, "ಇದು ಯಾರದು ಹೇಳ್ರಿ ಕಾಕಾ" ಅಂದೆ. ಎಂಟರಲ್ಲಿ ಎರಡು ಸರಿ ಹೇಳಿದರು. ಬರೆದವರೇ ಅವರು!

ಅವರಿಗೂ ನಗು ಬಂತು. ಆಮೇಲೆ ಸ್ವಲ್ಪ ಸುಮ್ಮನಾದರು. ತಪ್ಪು ಪೂರ್ತಿ ಅವರದ್ದಲ್ಲ. ಫಾರ್ಮ್‌ನಲ್ಲೇ 'ಆಟಿಟ್ಯೂಡ್' ಅಂತ ಒಂದು ಖಾನೆ ಇದೆ, ಅದರ ಮುಂದೆ ಎರಡು ಇಂಚು ಜಾಗ. ಅಷ್ಟರಲ್ಲಿ ಮನುಷ್ಯ ಏನು ಬರೀತಾನೆ?

ಆ ಎಂಟರಲ್ಲಿ ಒಂದು ಹಾಳೆ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಅದು ಇನ್‌ಸ್ಪೆಕ್ಷನ್ ಟೇಬಲ್‌ನಲ್ಲಿ ಕೆಲಸ ಮಾಡುವ ಅಕ್ಕನದು. ದಿನಾ ಖಾನಾಪುರದಿಂದ ಬಸ್ಸಿನಲ್ಲಿ ಬಂದು ಹೋಗ್ತಾರೆ. ಅವರ ಬಗ್ಗೆ ಇದ್ದದ್ದು ಇಷ್ಟೇ: 'ಗುಡ್ ಆಟಿಟ್ಯೂಡ್. ಸಿನ್ಸಿಯರ್ ಅಂಡ್ ಹೆಲ್ಪ್‌ಫುಲ್. ನೀಡ್ಸ್ ಟು ಶೋ ಮೋರ್ ಓನರ್‌ಶಿಪ್.' ರೇಟಿಂಗ್ ಐದಕ್ಕೆ ಮೂರು. ಸೀನಿಯರ್ ಇನ್‌ಸ್ಪೆಕ್ಟರ್ ಆಗಬೇಕಾದರೆ ನಾಲ್ಕು ಬೇಕಂತೆ.

"ಓನರ್‌ಶಿಪ್ ಇಲ್ಲ ಅಂದ್ರ ಏನ್ರೀ ಕಾಕಾ? ಏನು ಮಾಡಿದ್ರು?"

"ಏನೂ ಮಾಡಿಲ್ಲ. ಅಕಿ ಒಳ್ಳೇಕಿ ಅದಾಳ. ಆದ್ರ ಐದೂವರಿ ಆತಂದ್ರ ಬ್ಯಾಗ್ ಹಾಕ್ಕೊಂಡ್ ಹೊಂಟಬಿಡ್ತಾಳ."

ಶಿಫ್ಟ್ ಮುಗಿಯೋದೇ ಐದೂವರೆಗೆ.

ಇಲ್ಲಿಂದ ನಾವಿಬ್ಬರೂ ಗ್ರಾಮರ್ ಬಿಟ್ಟು ಬೇರೆ ಕೆಲಸಕ್ಕೆ ಕೂತೆವು. ಕೆಂಪು ಪೆನ್ನಿನಿಂದ, ಕೆಲಸವನ್ನು ಹೇಳದೆ ಮನುಷ್ಯನನ್ನು ಮಾತ್ರ ಹೇಳುವ ಪ್ರತಿ ಪದಕ್ಕೂ ಅಡಿಗೆರೆ ಹಾಕಿದೆ. ಆ ಪದಗಳಿಗೆ ನಾಲ್ಕು ಪ್ರಶ್ನೆ: ಯಾವಾಗ? ಏನು ಮಾಡಿದರು? ಅದರಿಂದ ಏನಾಯ್ತು? ಎಲ್ಲಿ ಬರೆದಿದೆ? ಉತ್ತರ ಸಿಕ್ಕರೆ ಪದ ತೆಗೆದು ಉತ್ತರ ಬರೆಯೋದು. ಸಿಗದಿದ್ದರೆ ಪದವನ್ನು ಮೆತ್ತಗೆ ಮಾಡೋದಲ್ಲ, ಪೂರ್ತಿ ಹೊಡೆದುಹಾಕೋದು. ಮರುದಿನ ಸಂಜೆ ಕಾಕಾ ಇನ್‌ಸ್ಪೆಕ್ಷನ್ ರಿಜಿಸ್ಟರ್, ಪಂಚಿಂಗ್ ರಿಪೋರ್ಟ್, ರಿಜೆಕ್ಷನ್ ಶೀಟ್ ಮೂರರ ಫೋಟೊ ಹೊಡ್ಕೊಂಡು ಬಂದರು.

ಮೊದಲು 'ಓನರ್‌ಶಿಪ್' ನೋಡಿದೆವು. ಪಂಚಿಂಗ್‌ನಲ್ಲಿ ಅಕ್ಕ ಹೊರಗೆ ಹೋದದ್ದು ಹೆಚ್ಚಾಗಿ 5:31, 5:33. ಇಲ್ಲಿ ನಿಂತಿದ್ದರೆ ಸಾಕ್ಷಿ ಸಿಕ್ಕಿತು ಅಂತ ಅನಿಸುತ್ತಿತ್ತು. ಆದರೆ ಅದೇ ಪ್ರಶ್ನೆಯನ್ನು ಉಳಿದ ಏಳು ಜನರಿಗೂ ಕೇಳಿದೆವು. ಇಬ್ಬರು ಆಪರೇಟರ್‌ಗಳು ಅದೇ ನಿಮಿಷಕ್ಕೆ ಹೋಗ್ತಾರೆ. ಅವರ ಹಾಳೆಯಲ್ಲಿ ಅದಕ್ಕೆ ಬರೆದಿದ್ದ ಪದ 'ಪಂಕ್ಚುವಲ್'! ಒಂದೇ ಗಡಿಯಾರ, ಎರಡು ವಿಶೇಷಣ. ಕಾಕಾ ಆ ಸಾಲನ್ನು ತಾವೇ ಹೊಡೆದರು.

ಆಮೇಲೆ 'ಗುಡ್ ಆಟಿಟ್ಯೂಡ್'. ಇದರ ಹಿಂದೆ ಏನೋ ಇರಲೇಬೇಕು, ಯಾಕಂದ್ರೆ ಕಾಕಾ ಅದನ್ನು ಸುಮ್ಮನೆ ಹೇಳ್ತಿರಲಿಲ್ಲ. ರಿಜಿಸ್ಟರ್ ತಿರುವುತ್ತಾ ನವೆಂಬರ್ ತಿಂಗಳ ಒಂದು ಪುಟಕ್ಕೆ ಬಂದೆವು. ವಾಲ್ವ್ ಬಾಡಿಯ 25 ಎಂಎಂ ಬೋರ್, ಟಾಲರೆನ್ಸ್ H7. ನಮ್ಮ ಮೆಟ್ರಾಲಜಿ ಲ್ಯಾಬ್ ನೆನಪಿರುವವರಿಗೆ ಗೊತ್ತು: 25.000ರಿಂದ 25.021ರವರೆಗೆ ಪಾಸ್. ಅಕ್ಕ ಗಂಟೆಗೊಮ್ಮೆ ಬೋರ್ ಗೇಜ್‌ನಿಂದ ತೆಗೆದ ರೀಡಿಂಗ್: ಹತ್ತಕ್ಕೆ 25.017, ಹನ್ನೊಂದಕ್ಕೆ 25.013, ಹನ್ನೆರಡಕ್ಕೆ 25.009, ಒಂದಕ್ಕೆ 25.005.

ನಾಲ್ಕೂ ಪಾಸ್. ಗೋ, ನೋ-ಗೋ ಗೇಜ್ ಹಾಕಿ ನೋಡುವವರಿಗೆ ಇಲ್ಲಿ ಏನೂ ಕಾಣೋದಿಲ್ಲ, ನಾಲ್ಕೂ ಸಲ 'ಓಕೆ' ಅಂತಲೇ ಬರುತ್ತೆ. ಆದರೆ ಗಂಟೆಗೆ ನಾಲ್ಕು ಮೈಕ್ರಾನ್ ಇಳೀತಿದೆ. ಬೋರಿಂಗ್ ಇನ್ಸರ್ಟ್ ಸವೆದಂತೆ ತೂತು ಸಣ್ಣದಾಗುತ್ತಾ ಹೋಗುತ್ತೆ. ಎರಡು ಗಂಟೆಗೆ 25.001 ಇರುತ್ತಿತ್ತು, ಮೂರಕ್ಕೆ ಫೇಲ್. ಆ ಒಂದು ಗಂಟೆಯ ಸಾಲಿನ ಪಕ್ಕ ಅಕ್ಕನ ಅಕ್ಷರದಲ್ಲಿ 'ಇನ್ಸರ್ಟ್ ಬದಲಿಸಲು ಆಪರೇಟರ್‌ಗೆ ಹೇಳಿದೆ' ಅಂತ ಇತ್ತು. ಕೆಳಗಿನ ಸಾಲು: 1:25, 25.016.

ಕಾಕಾ ಆ ಪುಟವನ್ನು ಎರಡು ಸಲ ಓದಿದರು. ಸಹಿ ಅವರದೇ ಇತ್ತು. "ನಾನ ಸಹಿ ಹೊಡದೀನಿ, ನಾನ ಓದಿಲ್ಲ," ಅಂದರು. ಅಂಥದ್ದೇ ಇನ್ನೂ ಎರಡು ಸಿಕ್ಕವು, ಜೂನ್‌ನಲ್ಲಿ ಒಂದು, ಫೆಬ್ರವರಿಯಲ್ಲಿ ಒಂದು. ತಿಂಗಳು ಬೇರೆ ಬೇರೆ ಇರೋದು ಮುಖ್ಯ. ಎಲ್ಲಾ ಉದಾಹರಣೆ ಮಾರ್ಚ್‌ದೇ ಆಗಿದ್ದರೆ ಅದು ವರ್ಷದ ವರದಿ ಅಲ್ಲ, ಕಾಕಾನ ನೆನಪಿನ ವರದಿ.

ನನಗೆ ಜೋಶ್ ಬಂದು, "'ಅರವತ್ತು ಪೀಸ್ ಉಳಿಸಿದರು' ಅಂತ ಬರೀರಿ" ಅಂದೆ. ಕಾಕಾ ಒಪ್ಪಲಿಲ್ಲ. ಮೂರು ಗಂಟೆಗೆ ಆಪರೇಟರ್ ತಾನೇ ನೋಡಿ ಇನ್ಸರ್ಟ್ ಬದಲಿಸಿರಬಹುದಿತ್ತು, ಆಗದ ರಿಜೆಕ್ಷನ್‌ಗೆ ಲೆಕ್ಕ ಎಲ್ಲಿಂದ? ಇನ್ನೊಂದು ಕಡೆ ಅವರು ಜಾರಿದರು. ಆ ವರ್ಷ ಒಟ್ಟು ರಿಜೆಕ್ಷನ್ ಕಡಿಮೆ ಆಗಿತ್ತು, ಅದನ್ನೂ ಅಕ್ಕನ ಹಾಳೆಗೆ ಹಾಕೋಣ ಅಂದರು. ಶೀಟ್ ಬಿಡಿಸಿ ನೋಡಿದರೆ ಇಳಿದದ್ದು ಹೆಚ್ಚಾಗಿ ಕಾಸ್ಟಿಂಗ್ ರಿಜೆಕ್ಷನ್, ಅಂದ್ರೆ ಬ್ಲೋಹೋಲ್. ಅದು ಫೌಂಡ್ರಿಯವರ ಕೆಲಸ. ಮಷೀನಿಂಗ್ ರಿಜೆಕ್ಷನ್ ಸುಮಾರಾಗಿ ಅಷ್ಟೇ ಇತ್ತು. ನಂಬರ್ ಇದೆ ಅಂದ ಮಾತ್ರಕ್ಕೆ ಅದು ಆ ವ್ಯಕ್ತಿಯ ಬಗ್ಗೆ ಸಾಕ್ಷಿ ಆಗೋದಿಲ್ಲ. ಅದನ್ನೂ ಬಿಟ್ಟೆವು.

ಸಾಕ್ಷಿ ಹುಡುಕಲು ಹೊರಟರೆ ನಮಗೆ ಬೇಕಾದ್ದು ಮಾತ್ರ ಸಿಗೋದಿಲ್ಲ. ಅದೇ ರಿಜಿಸ್ಟರ್‌ನಲ್ಲಿ ಎರಡು ಬೋರ್ ಗೇಜ್‌ಗಳನ್ನು ಕ್ಯಾಲಿಬ್ರೇಷನ್ ದಿನಾಂಕ ಮುಗಿದ ಮೇಲೂ ಬಳಸಿದ್ದು ಕಂಡಿತು, ಒಂದನ್ನು ಒಂಬತ್ತು ದಿನ, ಇನ್ನೊಂದನ್ನು ನಾಲ್ಕು ದಿನ. ಗೇಜ್‌ಗಳನ್ನು ಸಮಯಕ್ಕೆ ಕಳಿಸೋದು ಅಕ್ಕನ ಕೆಲಸ. ನನಗೆ ಬೇಜಾರಾಯ್ತು, ಮುಚ್ಚಿಡೋಣ ಅನ್ನಿಸಿತು. ಕಾಕಾ ಅಂದರು, "ಛಲೋದಕ್ಕ ಸಾಕ್ಷಿ ಬೇಕು, ಕೆಟ್ಟದ್ದಕ್ಕ ಬ್ಯಾಡ ಅಂದ್ರ ಹೆಂಗವಾ?" ಸುಧಾರಣೆಯ ಖಾನೆಗೆ ಅದೇ ಹೋಯಿತು. 'ಓನರ್‌ಶಿಪ್' ಅಂತಲ್ಲ, ಎರಡು ಗೇಜ್, ಎಷ್ಟೆಷ್ಟು ದಿನ, ಮುಂದಿನ ವರ್ಷ ದಿನಾಂಕಕ್ಕೆ ಒಂದು ವಾರ ಮೊದಲೇ ಕಳಿಸಬೇಕು ಅಂತ.

ಇದೆಲ್ಲ ಒಂದು ಸಣ್ಣ ಶಾಪ್‌ನ ಕಥೆ ಅನಿಸಬಹುದು. ಆದರೆ 'ಗುಡ್' ಅನ್ನೋ ಒಂದು ಪದ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ, ಅದೂ ಒಬ್ಬ ಎಂಜಿನಿಯರ್‌ನಿಂದ. ಬಾರ್ಡರ್ ರೋಡ್ಸ್ ಎಂಜಿನಿಯರಿಂಗ್ ಸರ್ವಿಸ್‌ನ ದೇವ್ ದತ್ ಸೂಪರಿಂಟೆಂಡಿಂಗ್ ಎಂಜಿನಿಯರ್ ಬಡ್ತಿಗೆ ಅರ್ಹರಾಗಲು ಐದು ವರ್ಷ 'ವೆರಿ ಗುಡ್' ಇರಬೇಕಿತ್ತು. 1993-94ರ ಗೌಪ್ಯ ವರದಿಯಲ್ಲಿ 'ಗುಡ್' ಅಂತ ಇತ್ತು. ಅದನ್ನು ಅವರಿಗೆ ತಿಳಿಸಿರಲೇ ಇಲ್ಲ. ಹೊಗಳಿಕೆಯನ್ನು ಯಾಕೆ ತಿಳಿಸಬೇಕು? ಬಡ್ತಿ ತಪ್ಪಿತು. 2008ರ ಮೇ ತಿಂಗಳಲ್ಲಿ ಕೋರ್ಟ್ ಹೇಳಿದ್ದು: ಬಡ್ತಿ ತಪ್ಪಿಸುವ 'ಗುಡ್' ಪ್ರತಿಕೂಲ ಷರಾವೇ, ವರದಿಯ ಪ್ರತಿ ನಮೂದನ್ನೂ ನೌಕರನಿಗೆ ತಿಳಿಸಬೇಕು. ಈಗಿನ ಕೇಂದ್ರ ಸರ್ಕಾರಿ ವರದಿಯಲ್ಲಿ ಹತ್ತಕ್ಕೆ 1 ಅಥವಾ 2 ಕೊಟ್ಟರೆ ನಿರ್ದಿಷ್ಟ ವೈಫಲ್ಯ, 9 ಅಥವಾ 10 ಕೊಟ್ಟರೆ ನಿರ್ದಿಷ್ಟ ಸಾಧನೆ ಬರೆಯಲೇಬೇಕು. ಆದರೆ ನಮ್ಮ ಕಾಕಾನಂಥವರು ಹೆಚ್ಚಿನ ಜನಕ್ಕೆ ಕೊಡೋದು ನಡುವಿನ ಅಂಕ. ಮಬ್ಬು ಪದಗಳು ಬಚ್ಚಿಟ್ಟುಕೊಳ್ಳೋದೂ ಅಲ್ಲೇ.

ಅಕ್ಕನ ಹಾಳೆ ಕೊನೆಗೆ ಆರು ಸಾಲಾಯಿತು. ಫಾರ್ಮ್‌ನಲ್ಲಿ ಜಾಗ ಸಾಲದೆ ಇನ್ನೊಂದು ಹಾಳೆ ಪಿನ್ ಮಾಡಿದೆವು. ಕಾಕಾ ಮೂರನ್ನು ನಾಲ್ಕು ಮಾಡಿದರು. ಎಂಟೂ ಜನರ ಹಾಳೆ ಹೀಗೆ ಆಯಿತಾ ಅಂದ್ರೆ ಇಲ್ಲ. ಬುಧವಾರದೊಳಗೆ ಆದದ್ದು ಐದು. ಲೋಡಿಂಗ್ ಮಾಡುವ ಇಬ್ಬರ ಕೆಲಸ ಯಾವ ರಿಜಿಸ್ಟರ್‌ನಲ್ಲೂ ಬರೋದೇ ಇಲ್ಲ. ಅವರಿಗೆ ಸಾಕ್ಷಿ ಬೇಕಾದರೆ ಕಾಕಾ ವರ್ಷಪೂರ್ತಿ ನೋಡಿ ತಾವೇ ಬರೆದಿಡಬೇಕು. ಈಗ ಜೇಬಿನಲ್ಲಿ ಒಂದು ಸಣ್ಣ ಡೈರಿ ಇಟ್ಕೊಂಡಿದ್ದಾರೆ. ದಿನಾಂಕ, ಹೆಸರು, ಎರಡು ಸಾಲು.

ಅಪ್ರೈಸಲ್ ಮಾತುಕತೆಯ ದಿನ ಏನಾಯ್ತು ಅಂತ ಕಾಕಾನೇ ಹೇಳಿದರು. ಹೋದ ವರ್ಷ ಅಕ್ಕ 'ಗುಡ್ ಆಟಿಟ್ಯೂಡ್' ಓದಿ, ಥ್ಯಾಂಕ್ಯೂ ಸರ್ ಅಂದು, ಸಹಿ ಮಾಡಿ ಹೋಗಿದ್ದರಂತೆ. ಈ ವರ್ಷ ಹಾಳೆ ಪೂರ್ತಿ ಓದಿ, "ನವೆಂಬರ್‌ದು ನನಗ ನೆನಪ ಇರಲಿಲ್ಲ ಸರ್," ಅಂದರು. ಆಮೇಲೆ ಗೇಜ್ ಸಾಲಿನ ಮೇಲೆ ಬೆರಳಿಟ್ಟು, "ಇದಕ್ಕ ನಾ ಒಪ್ಪೂದಿಲ್ಲ," ಅಂತ ಜಗಳಕ್ಕೇ ನಿಂತರು. ಒಂಬತ್ತು ದಿನದಲ್ಲಿ ಆರು ದಿನ ಗೇಜ್ ಸ್ಟೋರ್‌ನಲ್ಲೇ ಇತ್ತು, ಸಹಿ ಆಗಿರಲಿಲ್ಲ ಅಂತ ಚೀಟಿ ತೋರಿಸಿದರು. ಕಾಕಾ ಆ ಸಾಲನ್ನು ಅಲ್ಲೇ ತಿದ್ದಿದರು.

"ನಿನ್ನ ಸಲುವಾಗಿ ಅರ್ಧಾ ತಾಸು ಬೈಸ್ಕೊಂಡೆ," ಅಂತ ಕಾಕಾ ನಕ್ಕರು.

'ಓನರ್‌ಶಿಪ್ ಇಲ್ಲ' ಅನ್ನೋ ಮಾತಿಗೆ ಅಕ್ಕ ಯಾವ ಚೀಟಿ ತೋರಿಸಬೇಕಿತ್ತು?