ತಡವಾಯಿತು, ತಡ ಮಾಡಿದೆ

ನಮ್ಮ ಭಾವ ಹಿಂದೂಪುರದ ಮುದಿರೆಡ್ಡಿಪಲ್ಲಿಯಲ್ಲಿ ರೇಷ್ಮೆ ಸೀರೆ ನೇಯುವವರು. ಮನೆಮಾತು ಕನ್ನಡ, ಓದಿದ್ದು ತೆಲುಗು. ಹೀಗಾಗಿ ಗಡಿಯಾಚೆಯ ಗಿರಾಕಿಗಳಿಗೆ ಕನ್ನಡದಲ್ಲಿ ಬರೆಯುವ ಪ್ರಸಂಗ ಬಂದರೆ ಬ್ಯಾಂಕ್ ಗುಮಾಸ್ತನಾದ ನನ್ನ ಬಳಿ ಬರುತ್ತಾರೆ.

ಕಳೆದ ಕಾರ್ತಿಕದಲ್ಲಿ ಮಳೆ ಹಿಡಿಯಿತು. ಮಗ್ಗದ ಗುಂಡಿಯಲ್ಲಿ ನೀರು ಒಸರಿ, ಹಾಸು ತೇವವಾಗಿ, ಕೆಲಸ ನಿಂತಿತು. ಮೂವರಿಗೆ 5ನೇ ತಾರೀಖಿಗೆ ಒಪ್ಪಿದ್ದ ಸೀರೆಗಳು 7 ಆದರೂ ಹೋಗಿರಲಿಲ್ಲ. ನಾನು ಒಂದೇ ಒಕ್ಕಣೆ ಬರೆದು ಮೂವರಿಗೂ ಸಾಕೆಂದೆ: “ಅನಿವಾರ್ಯ ಕಾರಣಗಳಿಂದ ತಡವಾಯಿತು. ತಮಗೆ ಅನಾನುಕೂಲವಾಗಿದ್ದಲ್ಲಿ ವಿಷಾದಿಸುತ್ತೇವೆ. ಎರಡು ದಿನದಲ್ಲಿ ಕಳುಹಿಸುತ್ತೇವೆ.”

ಭಾವ ಓದಿಸಿಕೊಂಡು ನಕ್ಕರು. “ಇದು ನಿಮ್ಮ ಬ್ಯಾಂಕಿನ ಬೋರ್ಡು ಕಣಯ್ಯ. ಆಯಮ್ಮನ ಮಗಳ ಮದುವೆ 22ಕ್ಕೆ. ಅನಾನುಕೂಲ ಆಗಿದ್ದಲ್ಲಿ ಅಂದ್ರೇನು? ಆಗೇ ಇದೆ!”

ನಾಚಿಕೆಯಾಯಿತು. ‘ತಡವಾಯಿತು’ ಎಂದರೆ ತಡ ತಾನಾಗಿ ಬಂದು ಕೂತಂತೆ. ‘ತಡ ಮಾಡಿದೆ’ ಎಂದಾಗ ಮಾಡಿದವನೊಬ್ಬ ಸಿಗುತ್ತಾನೆ. ಮಳೆ ಭಾವನ ತಪ್ಪಲ್ಲ, ನಿಜ. ಆದರೆ ಮಳೆ ಹಿಡಿದ ದಿನವೇ ತಿಳಿಸದಿದ್ದದ್ದು ಅವರದೇ ತಪ್ಪು. ಕ್ಷಮೆ ಕೇಳಬೇಕಾದದ್ದು ಅದಕ್ಕೆ.

‘ಎರಡು ದಿನ’ ಎಂಬುದನ್ನೂ ಲೆಕ್ಕ ಹಾಕಿದೆವು. ಹಾಸು ಒಣಗಲು ಎರಡು ದಿನ. ಉಳಿದದ್ದು ನಾಲ್ಕು ಮೊಳ, ಆ ಅಂಚಿಗೆ ದಿನಕ್ಕೊಂದು ಮೊಳ. ಅಲ್ಲಿಗೆ 13. ತಲುಪಿಸುವುದು 14. ರವಿಕೆ ಹೊಲಿಸಿ ಕುಚ್ಚು ಕಟ್ಟಿಸಲು ಒಂದು ವಾರ ಬೇಕು, ಆಮೇಲೆ ಒಂದೇ ದಿನ ಉಳಿಯುತ್ತದೆ. ಸುಳ್ಳು 9ಕ್ಕಿಂತ ನಿಜವಾದ 14 ಮೇಲು: ದರ್ಜಿಗೆ ಆಕೆ ಇವತ್ತೇ ಹೇಳಿಟ್ಟುಕೊಳ್ಳಬಹುದು.

ಕೊನೆಗೆ ಭಾವ ಹೇಳಿದಂತೆಯೇ ಬರೆದೆ: “ಅಕ್ಕಾ, ಸೀರೆ 14ನೇ ತಾರೀಖು ನಾನೇ ಗೌರಿಬಿದನೂರಿಗೆ ತಂದುಕೊಡ್ತೀನಿ. ಮಳೆಗೆ ಹಾಸು ನೆನೆದು ಮಗ್ಗ ನಿಂತಿತ್ತು. ಅವತ್ತೇ ನಿಮಗೆ ಹೇಳಲಿಲ್ಲ, ತಪ್ಪು ನಂದು. ಅಷ್ಟು ದಿನ ಕಾಯೋಕಾಗಲ್ಲ ಅಂದ್ರೆ ಹೇಳಿ, ಅಡ್ವಾನ್ಸ್ ಇವತ್ತೇ ವಾಪಸ್ ಕಳಿಸ್ತೀನಿ.” ಕೊನೆಗೆ ‘ಬೇಜಾರು ಮಾಡ್ಕೋಬೇಡಿ’ ಎಂದು ಸೇರಿಸಿದ್ದೆ. ಭಾವ ತೆಗೆಸಿದರು. ಬೇಜಾರು ಮಾಡಿಕೊಳ್ಳುವುದು ಆಕೆಯ ಹಕ್ಕಂತೆ.

ಉಳಿದಿಬ್ಬರಿಗೆ ಈ ಒಕ್ಕಣೆ ಹೊಂದಲಿಲ್ಲ. ಬೆಂಗಳೂರಿನ ಅಂಗಡಿಯವರಿಗೆ ಕಥೆ ಬೇಡ, ಲೆಕ್ಕ ಬೇಕು: “ಐದರಲ್ಲಿ ಮೂರು ಇವತ್ತು ಬಸ್ಸಿಗೆ ಹಾಕಿದ್ದೀನಿ, ಎರಡು 18ಕ್ಕೆ.” ಮೂರನೆಯವರ ಗೃಹಪ್ರವೇಶ 6ಕ್ಕೇ ಮುಗಿದಿತ್ತು. ಅವರಿಗೆ ಯಾವ ತಾರೀಖು ಕೊಟ್ಟರೇನು? ಮೊದಲು ಹಣ ಹಿಂದಿರುಗಿಸಿ, ಆಮೇಲೆ ಎರಡೇ ಸಾಲು ಬರೆದೆವು. ಅವರಿಂದ ಉತ್ತರ ಬರಲಿಲ್ಲ.

ಗೌರಿಬಿದನೂರಿನ ಅಕ್ಕ ಮಾತ್ರ ಆ ಸಂಜೆಯೇ ಬರೆದರು: “14 ಅಂದ್ರೆ 14. ಊಟಕ್ಕೆ ಇಲ್ಲಿಗೇ ಬನ್ನಿ.”

ಭಾವ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡು, ಮಗ್ಗಕ್ಕೆ ಹೊರಟರು.